ಅಕ್ಕನ ಹತ್ರ ತಪ್ಪಾಯ್ತು ಅನ್ನೋಕೆ ಮೂರು ಸಲ ಒದ್ದಾಡಿದ್ದು

ಅಮ್ಮನ್ನ ನೋಡ್ಕೊಳೋ ವಿಷ್ಯದಲ್ಲಿ ಅಕ್ಕಂಗೆ ಎಲ್ಲರ ಎದುರು ಏನೋ ಅಂದ್ಬಿಟ್ಟೆ. ತಪ್ಪು ನಂದೇ. ಅವತ್ತು ರಾತ್ರಿನೇ ಮೆಸೇಜ್ ಹಾಕ್ದೆ, "ತಪ್ಪಾಯ್ತು ಬಿಡು ಅಕ್ಕ" ಅಂತ. ನಾನು ಸೋತು ಟೈಪ್ ಮಾಡಿದ್ದು, ಅವಳಿಗೆ ಅದು ವ್ಯಂಗ್ಯವಾಗಿ ಕೇಳಿಸಿದೆ, ಆ "ಬಿಡು"ನೇ ಕೆಡಿಸಿದ್ದು. ಬಾಯಲ್ಲಿ ಮೆತ್ತಗೆ ಅಂದ್ರೆ ಅದೇ ಪದ ಬೇರೆ ಥರ ಇರುತ್ತೆ, ಸ್ಕ್ರೀನ್ ಮೇಲೆ ಓದೋರು ತಮ್ಮ ಸಿಟ್ಟಿನ ದನಿಯಲ್ಲೇ ಓದ್ಕೋತಾರೆ. ಹದಿನೈದು ನಿಮಿಷದೊಳಗೆ ವಾಟ್ಸಾಪಲ್ಲಿ ಎಡಿಟ್ ಮಾಡ್ಬೋದಿತ್ತು, ಆದ್ರೆ ಅಷ್ಟೊತ್ತಿಗೆ ಓದಿ ಆಗಿತ್ತು.

ಮಾರನೇ ದಿನ ಕಾಲ್ ಮಾಡ್ದೆ. "ಹೂಂ, ಹೇಳು" ಅಂದ್ಲು, ಹಿಂದೆ ಮನೆಯವರ ಮಾತು ಕೇಳಿಸ್ತಿತ್ತು, ಅವಳಿಗೆ ಅಲ್ಲಿ ಅಳೋಕೂ ಆಗಲ್ಲ ಬಯ್ಯೋಕೂ ಆಗಲ್ಲ ಅನ್ನೋದು ನನಗೆ ಹೊಳೀಲೇ ಇಲ್ಲ. ನಾನು "ಆದ್ರೂ ನೀನು..." ಅಂದೆ ನೋಡಿ, ಎರಡು ನಿಮಿಷಕ್ಕೆ ಹಳೇ ಜಗಳ ಮತ್ತೆ ಶುರು. ಕಾಲಲ್ಲಿ ಇದೊಂದು ಕಷ್ಟ, ಎದುರಿನೋರಿಗೆ ಯೋಚನೆ ಮಾಡೋಕೆ ಟೈಮೇ ಕೊಡಲ್ಲ, ಆ ಕ್ಷಣಕ್ಕೆ ಉತ್ತರ ಬೇಕೇ ಬೇಕು.

ಮೂರನೇ ಸಲ ವಾಯ್ಸ್ ನೋಟ್. ಮೊದಲನೇದು ನಾಲ್ಕು ನಿಮಿಷ ಆಗಿತ್ತು. ಕಳ್ಸೋ ಮುಂಚೆ ಪ್ಲೇ ಮಾಡಿ ಕೇಳಿದ್ರೆ ಮೂರು ನಿಮಿಷ ಬರೀ ನನ್ನ ಸಮರ್ಥನೆ! ಡಿಲೀಟ್ ಮಾಡಿ ಮತ್ತೆ ಹೇಳ್ದೆ. ನಾನು ಏನಂದೆ, ಅದು ಯಾಕೆ ತಪ್ಪು, ಇಷ್ಟೇ, "ಆದ್ರೆ" ಅನ್ನೋ ಪದವೇ ಬರದಂಗೆ. ಒಂದು ನಿಮಿಷದೊಳಗೆ ಮುಗೀತು. ಮಧ್ಯ ಒಂದ್ಕಡೆ ಗಂಟಲು ಕಟ್ಟಿತ್ತು, ಅದನ್ನ ಹಾಗೇ ಬಿಟ್ಟೆ. ಅಳು ಜೋರಾಗಿ ಬಂದಿದ್ರೆ ಮಾತ್ರ ಕಳಿಸ್ತಿರ್ಲಿಲ್ಲ, ಆಗ ಅವಳೇ ನನ್ನ ಸಮಾಧಾನ ಮಾಡೋ ಹಂಗಾಗುತ್ತೆ.

ಅದಕ್ಕೂ ಮುಂಚೆ ಒಂದು ಸಾಲು ಟೈಪ್ ಮಾಡಿದ್ದೆ, ನಿಜಕ್ಕೂ ಕೆಲಸಕ್ಕೆ ಬಂದಿದ್ದು ಇದೇ ಅನ್ಸುತ್ತೆ: "ಅಕ್ಕ, ಒಂದು ವಾಯ್ಸ್ ಕಳಿಸ್ತೀನಿ, ಎಲ್ಲರೂ ಚೆನ್ನಾಗಿದೀವಿ, ಒಬ್ಬಳೇ ಇದ್ದಾಗ ಕೇಳು, ಉತ್ತರ ಈಗ್ಲೇ ಬೇಡ." ಹೇಳದೇ ಕಳಿಸಿದ್ರೆ ಯಾರಿಗೆ ಏನಾಯ್ತೋ ಅಂತ ಗಾಬರಿ ಬೀಳ್ತಾರೆ, ಇಲ್ಲಾಂದ್ರೆ ಸ್ಪೀಕರಲ್ಲಿ ಹಾಕಿ ಮನೆಮಂದಿಗೆಲ್ಲ ಕೇಳಿಸ್ಬಿಡ್ತಾರೆ. ಹಾಗಂತ ಅವಳು ಅದನ್ನ ಯಾರಿಗೂ ಫಾರ್ವರ್ಡ್ ಮಾಡಲ್ಲ ಅನ್ನೋ ಗ್ಯಾರಂಟಿ ಏನಿಲ್ಲ, ಅದಕ್ಕೇ ಬೇರೆ ಯಾರ ಹೆಸರೂ ಅದ್ರಲ್ಲಿ ಎತ್ತಲಿಲ್ಲ.

ರಾತ್ರಿ ಮೈಕ್ ಗುರುತು ನೀಲಿ ಆಯ್ತು, ಅಂದ್ರೆ ಕೇಳಿದಾಳೆ. ಉತ್ತರ ಇಲ್ಲ. "ಕೇಳಿದ್ಯಾ?" ಅಂತ ಕೇಳೋಕೆ ಕೈ ತುರಿಸ್ತಿತ್ತು, ಕೇಳಲಿಲ್ಲ.

ಸಾವಿನ ಸುದ್ದಿ, ಆಸ್ಪತ್ರೆ ವಿಷ್ಯ ಮಾತ್ರ ನಾನು ಈಗ್ಲೂ ಕಾಲ್ ಮಾಡೇ ಹೇಳೋದು, ಅದನ್ನ ಕೇಳಿದ ತಕ್ಷಣ ಎದುರಿನೋರಿಗೆ ಒಬ್ರು ಮನುಷ್ಯರು ಬೇಕು. ಕಿವಿ ಮಂದ ಇರೋ ದೊಡ್ಡಪ್ಪಂಗೆ ಮಾತ್ರ ಎಂಥ ವಿಷ್ಯ ಆದ್ರೂ ಟೈಪೇ ಮಾಡೋದು, "ಬಿಡು" ಅನ್ನೋದೊಂದು ಬಿಟ್ಟು.

ಅಕ್ಕ ಮೂರನೇ ದಿನ ಅವಳೇ ಕಾಲ್ ಮಾಡಿದ್ಲು. ವಾಯ್ಸ್ ನೋಟ್ ಮಾತೇ ಎತ್ತಲಿಲ್ಲ, "ಅಮ್ಮನ ಮಾತ್ರೆ ಮುಗೀತಾ ಬಂತಾ?" ಅಂತ ಕೇಳಿದ್ಲು.