ಅಕ್ಕ ಗುನುಗಿದ ಪೆಂಗ್ವಿನ್ ಟ್ಯೂನ್

ದೊಡ್ಡಪ್ಪನ ಮಗಳು ಅಕ್ಕ ಒಂದು ರಾತ್ರಿ ವಾಟ್ಸಾಪ್‌ನಲ್ಲಿ ವಾಯ್ಸ್ ನೋಟ್ ಕಳಿಸಿದಳು. ಒಂಬತ್ತು ಸೆಕೆಂಡು. "ಡುಂಟಕ ಟೀ ಟೀ, ಡುಂಟಕ ಟೀ" ಅಂತ ಏನೋ ಗುನುಗಿದ್ದಳು. ಕೆಳಗೆ ಬರೆದಿದ್ದಳು: "ನಮ್ಮನೆ ಟಿವಿ ಗೇಮ್‌ದು ಕಣೋ. ಪೆಂಗ್ವಿನ್ ಇತ್ತು, ಹಿಮ ಇತ್ತು. ನಾನೂ ತಮ್ಮನೂ ಇಬ್ಬರೂ ಸೇರಿ ಆಡ್ತಿದ್ವಿ. ಹುಡುಕಿ ಕೊಡು."

ಮನೆಯಲ್ಲಿ ಇಂಥ ಕೆಲಸ ನನ್ನ ಪಾಲಿಗೇ ಬರುತ್ತದೆ. ಹಳೇ ಗೇಮಿನ ಸಂಗೀತದ ಹುಚ್ಚು ನನಗೆ ಮೊದಲಿಂದಲೂ ಇದೆ. ಒಂದು ಗಂಟೆಯಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ನಾಲ್ಕು ದಿನ ಹಿಡಿಯಿತು. ಅದರಲ್ಲಿ ಎರಡು ದಿನ ನನ್ನದೇ ತಪ್ಪಿನಿಂದ ಹೋಯಿತು.

ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ ಟಿವಿ ಗೇಮ್‌ಗಳು ಹೆಚ್ಚಾಗಿ ಜಪಾನಿನ ನಿಂಟೆಂಡೊ ಫ್ಯಾಮಿಕಾಮ್‌ನ ನಕಲುಗಳು. ಒಂದೇ ಕ್ಯಾಸೆಟ್‌ನಲ್ಲಿ ಸಾವಿರಗಟ್ಟಲೆ ಗೇಮ್ ಅಂತ ಬರೆದಿರುತ್ತಿತ್ತು. ಒಳಗೆ ಇಪ್ಪತ್ತೋ ಮೂವತ್ತೋ ಇರುತ್ತಿದ್ದವು, ಅವೇ ತಿರುಗಿ ಬರುತ್ತಿದ್ದವು. ಎಷ್ಟೋ ಗೇಮ್‌ಗಳ ಹೆಸರು ಬದಲಾಗಿರುತ್ತಿತ್ತು, ತಯಾರಿಸಿದ ಕಂಪನಿಯ ಹೆಸರು ಅಳಿಸಿರುತ್ತಿತ್ತು. ಹಾಗಾಗಿ "ಹೆಸರು ನೆನಪಿದೆಯಾ?" ಅಂತ ಕೇಳಿ ಪ್ರಯೋಜನ ಇಲ್ಲ. ಟ್ಯೂನು ಮತ್ತು ದೃಶ್ಯ, ಇವೆರಡೇ ಕೈಯಲ್ಲಿರುವುದು.

ಮೊದಲ ಪ್ರಯತ್ನ ಎಲ್ಲರೂ ಮಾಡುವಂಥದ್ದೇ. ಗೂಗಲ್ ಆ್ಯಪ್‌ನ ಮೈಕ್ ಒತ್ತಿ ಹಾಡು ಹುಡುಕುವ ಬಟನ್ ಮುಟ್ಟಿದೆ. ಇನ್ನೊಂದು ಫೋನಿನಿಂದ ಅಕ್ಕನ ವಾಯ್ಸ್ ನೋಟ್ ಅದಕ್ಕೆ ಕೇಳಿಸಿದೆ. ಮೂರು ಸಿನಿಮಾ ಹಾಡು ಬಂದವು. ಒಂದಕ್ಕೂ ಇದಕ್ಕೂ ಸಂಬಂಧ ಇಲ್ಲ. (ಶಜಾಮ್‌ಗೆ ಇದನ್ನು ಕೇಳಿಸುವುದೇ ದಂಡ. ಅದು ರೆಕಾರ್ಡಿಂಗ್‌ನ ಅಚ್ಚನ್ನು ಹೋಲಿಸುತ್ತದೆ, ರಾಗದ ಏರಿಳಿತವನ್ನಲ್ಲ. 2020ರ ಅಕ್ಟೋಬರ್‌ನಲ್ಲಿ ಬಂದ ಗೂಗಲ್‌ನ ಗುನುಗುವ ಸೌಲಭ್ಯ ನೋಡುವುದು ಏರಿಳಿತವನ್ನು.)

ಯಾಕೆ ಸಿಗಲಿಲ್ಲ ಅಂತ ಆಮೇಲೆ ಕೂತು ಕೇಳಿದಾಗ ಗೊತ್ತಾಯಿತು. ಆ ಟಿವಿ ಗೇಮ್‌ಗಳ ಚಿಪ್‌ನಲ್ಲಿ ರಾಗ ನುಡಿಸಲು ಇದ್ದದ್ದು ಮುಖ್ಯವಾಗಿ ಮೂರು ದನಿ. ಎರಡು ಚೂಪಾದ ದನಿ, ಒಂದು ದಪ್ಪ ದನಿ. ಸಾಮಾನ್ಯವಾಗಿ ಚೂಪಾದ ದನಿ ರಾಗ ಹಿಡಿದರೆ ದಪ್ಪ ದನಿ ಕೆಳಗಿನಿಂದ ತಾಳದ ಹಾಗೆ ಬಡಿಯುತ್ತಿರುತ್ತದೆ. ಚಿಕ್ಕಂದಿನಲ್ಲಿ ನೂರಾರು ಸಲ ಕೇಳಿದವರು ಎರಡನ್ನೂ ಕಲಸಿ ಒಂದೇ ಸಾಲಾಗಿ ನೆನಪಿಟ್ಟುಕೊಂಡಿರುತ್ತಾರೆ. ಅಕ್ಕನ "ಡುಂಟಕ" ರಾಗವೇ ಅಲ್ಲ, ಕೆಳಗಿನ ಬಡಿತ. ಹುಡುಕುವ ಯಂತ್ರಕ್ಕೆ ಅದೂ ರಾಗದ ಸ್ವರವಾಗಿಯೇ ಕೇಳಿಸುತ್ತದೆ, ಪಾಪ.

ಅದಕ್ಕೆ ಅಕ್ಕನಿಗೆ ಫೋನ್ ಮಾಡಿ, "ಡುಂಟಕ ಬಿಟ್ಟುಬಿಡು. ಮೇಲಿನ ಟೀ ಟೀ ಮಾತ್ರ ಹಾಡು. ಬೇಕಾದರೆ ಕೈಯಲ್ಲಿ ತಟ್ಟಿಕೋ" ಅಂದೆ. ಅವಳು ಸಂಗೀತದಲ್ಲಿ ಜೂನಿಯರ್ ಪರೀಕ್ಷೆ ಕಟ್ಟಿದವಳು. ತಟ್ಟುತ್ತಾ ತಟ್ಟುತ್ತಾ ಅವಳೇ ಹೇಳಿದಳು, "ಏ, ಇದು ತಕಿಟ ಕಣೋ. ಮೂರು ಮೂರು ಬರ್ತಿದೆ."

ಇದು ದೊಡ್ಡ ಸುಳಿವು. ಆ ಕ್ಯಾಸೆಟ್‌ಗಳ ಗೇಮ್‌ಗಳಲ್ಲಿ ಹೆಚ್ಚಿನವು ನಾಲ್ಕರ ಲೆಕ್ಕದಲ್ಲಿ ಓಡುತ್ತವೆ. ಮೂರರ ಲೆಕ್ಕ ಅಂದರೆ ಪಶ್ಚಿಮದ ವಾಲ್ಟ್ಸ್ ಇರಬಹುದು. ಪೆಂಗ್ವಿನ್, ಹಿಮ, ವಾಲ್ಟ್ಸ್. ನನಗೆ ಕುಣಿದಾಡುವಷ್ಟು ಖುಷಿ. ಕೊನಾಮಿಯ 'ಅಂಟಾರ್ಕ್ಟಿಕ್ ಅಡ್ವೆಂಚರ್' ಬಿಟ್ಟು ಇನ್ನೇನು ಇರಲು ಸಾಧ್ಯ! ಹಿಮದ ಮೇಲೆ ಪೆಂಗ್ವಿನ್ ಓಡುತ್ತಾ ಹೋಗುತ್ತದೆ, ಬಿರುಕುಗಳನ್ನು ಹಾರುತ್ತದೆ, ಮೀನು ಹಿಡಿಯುತ್ತದೆ. ಹಿನ್ನೆಲೆಯಲ್ಲಿ ವಾಲ್ಡ್‌ಟಾಯ್ಫೆಲ್ ಎಂಬ ಫ್ರೆಂಚ್ ಸಂಗೀತಗಾರ 1882ರಲ್ಲಿ ಬರೆದ ಸ್ಕೇಟರ್ಸ್ ವಾಲ್ಟ್ಸ್. ತಕ್ಷಣ ವಿಡಿಯೋ ಕಳಿಸಿದೆ. "ಇದೇ ತಾನೇ?" ಅಂತ ಕೇಳಿಯೂ ಬಿಟ್ಟೆ.

ಅಕ್ಕ, "ಹೂಂ, ಇರಬಹುದು... ಹತ್ತಿರ ಇದೆ... ಆದರೆ ಇದಲ್ಲ ಅನ್ಸುತ್ತೆ" ಅಂದಳು.

ನಾನು ಕೆಟ್ಟದ್ದು ಇಲ್ಲೇ. ವಿಡಿಯೋ ನೋಡಿದ ಮೇಲೆ ಇನ್ನೊಂದು ಸಲ ಗುನುಗಲು ಹೇಳಿದರೆ, ಅರ್ಧ ಅವಳ ಹಳೇ ಟ್ಯೂನು, ಇನ್ನರ್ಧ ನಾನು ಈಗ ತಾನೇ ಕೇಳಿಸಿದ ಸ್ಕೇಟರ್ಸ್ ವಾಲ್ಟ್ಸ್. ಎರಡೂ ತಕಿಟವೇ ಆದ್ದರಿಂದ ಒಂದರ ಬಾಲಕ್ಕೆ ಇನ್ನೊಂದು ಸಲೀಸಾಗಿ ಅಂಟಿಕೊಂಡಿತ್ತು. ಎರಡು ದಿನ ಆ ಕಲಬೆರಕೆಯನ್ನೇ ಹಿಡಿದುಕೊಂಡು ಒದ್ದಾಡಿದೆ. ಈಗ ಯಾರು ಕೇಳಿದರೂ ಮೊದಲು ಎರಡು ಮೂರು ಸಲ ಗುನುಗಿಸಿ, ರೆಕಾರ್ಡ್ ಮಾಡಿಟ್ಟುಕೊಂಡು, ದೃಶ್ಯದ ಬಗ್ಗೆ ಕೇಳುವುದನ್ನೆಲ್ಲಾ ಕೇಳಿ ಮುಗಿಸುತ್ತೇನೆ. ಅಲ್ಲಿಯವರೆಗೆ ನನ್ನ ಊಹೆಯ ಒಂದು ಸ್ವರವನ್ನೂ ಅವರ ಕಿವಿಗೆ ಹಾಕುವುದಿಲ್ಲ.

ಮೂರನೇ ದಿನ ಟ್ಯೂನು ಪಕ್ಕಕ್ಕಿಟ್ಟು ದೃಶ್ಯಕ್ಕೆ ಬಂದೆ. "ಏನು ಕಾಣುತ್ತಿತ್ತು?" ಅಂತ ಕೇಳಿದರೆ ಜನ ಕಂಡದ್ದರ ಜೊತೆ ಕಲ್ಪಿಸಿಕೊಂಡದ್ದನ್ನೂ ಸೇರಿಸಿ ಹೇಳುತ್ತಾರೆ. "ಕೈ ಏನು ಮಾಡುತ್ತಿತ್ತು? ಯಾವಾಗ ಸಿಟ್ಟು ಬರುತ್ತಿತ್ತು?" ಅಂತ ಕೇಳಿದರೆ ಉತ್ತರ ಬೇರೆಯೇ ಬರುತ್ತದೆ.

"ಸಿಟ್ಟಾ? ತಮ್ಮನ ಮೇಲೆ ಬರ್ತಿತ್ತು. ನಾನು ಬಲಕ್ಕೆ ಹೋದರೆ ಅವನು ಎಡಕ್ಕೆ ಹೋಗ್ತಿದ್ದ. ಬೇಕಂತಲೇ."

"ಮೇಲೆ ಹೋದರೆ?"

"ಮೇಲೆ ಹೋದರೆ ಅವನೂ ಮೇಲೆ ಬರ್ತಿದ್ದ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಡುವೆ ಒಂದು ಗೋಡೆ ಇತ್ತು. ಇಬ್ಬರೂ ಮೇಲೆ ಹೋಗಿ ಸೇರಬೇಕಿತ್ತು. ಹಾಂ, ಜೇಡರ ಬಲೆ ಇತ್ತು ಕಣೋ! ಅದಕ್ಕೆ ಸಿಕ್ಕಿಹಾಕಿಕೊಂಡರೆ ಇನ್ನೊಬ್ಬರು ಬಂದು ಬಿಡಿಸಬೇಕು" ಅಂದಳು.

"ಹಿಮ ಎಲ್ಲಿತ್ತು ಅಕ್ಕ?"

"ಹಿಮ... ಗೊತ್ತಿಲ್ಲಪ್ಪ. ಪೆಂಗ್ವಿನ್ ಅಂದಮೇಲೆ ಇರಬೇಕಲ್ವಾ?"

ಹಿಮ ಬಿದ್ದುಹೋಯಿತು. ಅದರ ಜೊತೆ ಅಂಟಾರ್ಕ್ಟಿಕ್ ಅಡ್ವೆಂಚರ್ ಕೂಡ. ಅಲ್ಲಿ ಓಡುವುದು ಒಂದೇ ಪೆಂಗ್ವಿನ್, ಗೋಡೆಯೂ ಇಲ್ಲ, ಜೇಡವೂ ಇಲ್ಲ. ಆದರೆ ಎಡ ಬಲ ಮಾತ್ರ ತಿರುಗುಮುರುಗು, ಮೇಲೆ ಕೆಳಗೆ ಒಂದೇ ಥರ ಅಂದರೆ ಅದು ತಮ್ಮನ ತಂಟೆಯಲ್ಲ, ಕನ್ನಡಿ. ಒಂದೇ ರಿಮೋಟ್‌ನಿಂದ ಎರಡು ಗೊಂಬೆಯೂ ನಡೆಯುವ ಗೇಮ್. ಅಂಥದ್ದು ನಾನು ಆಡಿರಲಿಲ್ಲ.

ನಾಲ್ಕನೇ ದಿನ ಅವಳ ಮೊದಲ ವಾಯ್ಸ್ ನೋಟ್‌ಗೆ ವಾಪಸ್ ಹೋದೆ. ಅದು ಇನ್ನೂ ಕಲಬೆರಕೆ ಆಗಿರಲಿಲ್ಲ. ಹತ್ತಿಪ್ಪತ್ತು ಸಲ ಕೇಳಿ, ಡುಂಟಕ ತೆಗೆದುಹಾಕಿ, ಮೇಲಿನ ಸಾಲನ್ನಷ್ಟೇ ನಾನೇ ಕಲಿತೆ. ಫ್ಯಾನ್ ಆಫ್ ಮಾಡಿ, "ಲ ಲ ಲಾ" ಅಂತ ನಿಧಾನವಾಗಿ, ನಡುವೆ ನಿಲ್ಲಿಸದೆ ಹದಿನೈದು ಸೆಕೆಂಡು ಹಾಡಿದೆ. ಬಾಯಿ ಮುಚ್ಚಿಕೊಂಡು ಗುನುಗುವುದಕ್ಕಿಂತ "ಲ" ಅಂದರೆ ನನಗೆ ಜಾಸ್ತಿ ಸಿಗುತ್ತದೆ, ಪ್ರತಿ ಸ್ವರದ ಆರಂಭ ಸ್ಪಷ್ಟವಾಗಿರುತ್ತದೆ ಅಂತ ಕಾಣುತ್ತದೆ. ಒಂದೇ ಸಲಕ್ಕೆ ನಂಬುವುದಿಲ್ಲ. ಬೇರೆ ಬೇರೆ ಶ್ರುತಿಯಲ್ಲಿ ಮೂರು ಸಲ ಹಾಡಿದೆ. ಗೂಗಲ್ ತೋರಿಸುವ ಹೋಲಿಕೆಯ ಶೇಕಡಾವಾರು ಪ್ರತಿ ಸಲ ಬದಲಾಯಿತು, ದೊಡ್ಡದೇನೂ ಇರಲಿಲ್ಲ. ಆದರೆ ಒಂದು ಹೆಸರು ಮೂರು ಸಲವೂ ಬಂತು: `Je te veux`. ಅಂಕಿ ಎಷ್ಟು ಅನ್ನುವುದಕ್ಕಿಂತ ಈ ಮರುಕಳಿಕೆಯನ್ನೇ ನಾನು ನೋಡುವುದು.

ಫ್ರಾನ್ಸಿನ ಎರಿಕ್ ಸಾಟಿಯ ವಾಲ್ಟ್ಸ್ ಅದು, 1903ರಲ್ಲಿ ಪ್ರಕಟವಾದ ಪ್ರೇಮಗೀತೆ. ಸಿಕ್ಕಿದ್ದೆಲ್ಲಾ ಪಿಯಾನೋ ರೆಕಾರ್ಡಿಂಗ್. ಇಲ್ಲಿಗೇ ಬಂದು ಎಷ್ಟೋ ಜನ "ಛೇ, ಇದು ಯಾವುದೋ ಕ್ಲಾಸಿಕಲ್, ನಮ್ಮದು ಗೇಮ್" ಅಂತ ಬಿಟ್ಟುಬಿಡುತ್ತಾರೆ. ಎಂಬತ್ತರ ದಶಕದ ಗೇಮ್‌ಗಳಲ್ಲಿ ಹಳೇ ಪಾಶ್ಚಾತ್ಯ ಟ್ಯೂನುಗಳನ್ನು ಹಾಕುವುದು ಸಾಮಾನ್ಯವಾಗಿತ್ತು. ಹುಡುಕಾಟಕ್ಕೆ ಸಿಗುವುದು ಟ್ಯೂನಿನ ಮೂಲ. ಅಲ್ಲಿಂದ ಗೇಮ್‌ಗೆ ನಾವೇ ನಡೆದು ಹೋಗಬೇಕು. ಹೀಗೆ ಟೈಪ್ ಮಾಡಿದೆ:

```
"Je te veux" Famicom penguin
```

ಇಲ್ಲಿ `NES` ಅಂತ ಹಾಕಿರಲಿಲ್ಲ. ಅದು ಫ್ಯಾಮಿಕಾಮ್‌ಗೆ ಅಮೆರಿಕ, ಯುರೋಪಿನಲ್ಲಿದ್ದ ಹೆಸರು. ನಮ್ಮ ಕ್ಯಾಸೆಟ್‌ಗಳಲ್ಲಿದ್ದ ಎಷ್ಟೋ ಗೇಮ್‌ಗಳು ಜಪಾನ್ ಬಿಟ್ಟು ಹೊರಗೆ ಅಧಿಕೃತವಾಗಿ ಬರಲೇ ಇಲ್ಲ, ಆ ಪಟ್ಟಿಗಳಲ್ಲಿ ಅವು ಇರುವುದಿಲ್ಲ. ಇದೂ ಹಾಗೇ: ಹಡ್ಸನ್ ಸಾಫ್ಟ್‌ನ 'ಬೈನರಿ ಲ್ಯಾಂಡ್', ಫ್ಯಾಮಿಕಾಮ್‌ಗೆ ಬಂದದ್ದು 1985ರಲ್ಲಿ. ಗುರಿನ್, ಮಾಲೋನ್ ಅಂತ ಒಂದು ಜೋಡಿ ಪೆಂಗ್ವಿನ್. ನಡುವೆ ಗೋಡೆ. ಒಂದು ಬಲಕ್ಕೆ ಹೋದರೆ ಇನ್ನೊಂದು ಎಡಕ್ಕೆ. ಮೇಲಿರುವ ಹೃದಯದ ಹತ್ತಿರ ಎರಡೂ ಒಟ್ಟಿಗೆ ತಲುಪಬೇಕು. ಜೇಡ, ಬಲೆ, ಸ್ಪ್ರೇ ಎಲ್ಲಾ ಇದೆ. ಹಿಮ ಇಲ್ಲ.

ವಿಡಿಯೋ ಕಳಿಸಿದೆ. ಈ ಸಲ "ಇದೇ ತಾನೇ?" ಅಂತ ಕೇಳಲಿಲ್ಲ, ಸುಮ್ನೆ ಕಳಿಸಿದೆ. ಐದು ನಿಮಿಷಕ್ಕೆ ಉತ್ತರ: "ಗೇಮ್ ಇದೇ!! ಆದರೆ ಟ್ಯೂನ್ ಇದಲ್ಲ, ಇದು ಓಡ್ತಿದೆ."

ಇದು ನನಗೆ ಗೊತ್ತಿದ್ದ ಸಂಗತಿ. ಜಪಾನಿನ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತಿತ್ತು, ಪಾಲ್ ಎಂಬ ಪದ್ಧತಿಯ ನಮ್ಮ ಟಿವಿ 50 ಸಲ. ಗೇಮ್‌ಗಳು ಸಂಗೀತದ ನಡೆಯನ್ನು ಸಾಮಾನ್ಯವಾಗಿ ಆ ಚಿತ್ರದ ಲೆಕ್ಕಕ್ಕೇ ಕಟ್ಟಿರುತ್ತಿದ್ದವು. ಹಾಗಾಗಿ ಪಾಲ್ ಟಿವಿಗಾಗಿ ಮಾಡಿದ ನಕಲು ಪೆಟ್ಟಿಗೆಗಳಲ್ಲಿ ಅದೇ ಟ್ಯೂನು ಆರರಲ್ಲಿ ಐದು ಪಾಲು ವೇಗದಲ್ಲಿ ಬರುತ್ತಿತ್ತು. ಶ್ರುತಿ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತಿತ್ತು. ಯೂಟ್ಯೂಬ್‌ನಲ್ಲಿರುವುದು ಬಹುಪಾಲು ಜಪಾನಿನ ವೇಗದ್ದು. ಸೆಟ್ಟಿಂಗ್ಸ್‌ನಲ್ಲಿ ವೇಗವನ್ನು 0.85ಕ್ಕೆ ಇಳಿಸಿ ಕೇಳು ಅಂದೆ. ಕೇಳಿದವಳು ಫೋನ್ ಮಾಡಿದಳು. ಮಾತಿಲ್ಲ, ಹಿಂದೆ ಟ್ಯೂನು ಮಾತ್ರ ಬರುತ್ತಿತ್ತು.

ಆದರೂ ನನಗೆ ಇನ್ನೊಂದು ಗುರುತು ಬೇಕಿತ್ತು. ಗೇಮ್ ನೋಡಿದ ಮೇಲೆ ಯಾವ ಟ್ಯೂನಾದರೂ ಅದೇ ಅನ್ನಿಸಬಹುದು. ಅದಕ್ಕೇ ವಿಡಿಯೋದ ಆಟದ ಭಾಗವನ್ನಷ್ಟೇ ಕತ್ತರಿಸಿ ಕಳಿಸಿದ್ದೆ, ಗೆದ್ದಾಗ ಬರುವ ಭಾಗ ಇರಲಿಲ್ಲ. "ಇಬ್ಬರೂ ಸೇರಿದಾಗ ಏನು ಬರ್ತಿತ್ತು?" ಅಂತ ಕೇಳಿದೆ. ಸ್ವಲ್ಪ ಯೋಚಿಸಿ, ಸ್ವರ ಹಾಕಿಯೇ ಹಾಡಿದಳು: "ಗಗಮಪ ಪಮಗರಿ ಸಸರಿಗ..." ಬೀಥೋವನ್‌ನ ಒಂಬತ್ತನೇ ಸಿಂಫನಿಯ ಆನಂದಗೀತೆಯ ಮೊದಲ ಸಾಲು. ಬೈನರಿ ಲ್ಯಾಂಡ್‌ನಲ್ಲಿ ಜೋಡಿ ಸೇರಿದಾಗ ಬರುವುದು ಅದೇ. ಅಲ್ಲಿಗೆ ನನ್ನ ಅನುಮಾನ ಮುಗಿಯಿತು.

ಅಕ್ಕನ ತಲೆಯಲ್ಲಿ ಮಾತ್ರ ಬೇರೆ ಲೆಕ್ಕ ಶುರುವಾಗಿತ್ತು. "ಒಂದೇ ರಿಮೋಟ್‌ನಿಂದ ಎರಡೂ ಓಡುತ್ತೆ ಅಂದರೆ, ತಮ್ಮ ಹಿಡ್ಕೊಂಡಿದ್ದ ರಿಮೋಟ್ ಏನು ಮಾಡ್ತಿತ್ತು?"

"ಏನೂ ಇಲ್ಲ ಅಕ್ಕ."

"ಅವನು ಎರಡು ವರ್ಷ ಆಡಿದಾನೆ ಕಣೋ ಅದರಲ್ಲಿ. ನಾನು ಎಷ್ಟು ಹೊಡೆದಿದೀನಿ ಅವನಿಗೆ, ಎಡಕ್ಕೆ ಹೋಗಿದ್ದಕ್ಕೆ."

ಅವನಿಗೆ ಈಗ ನಲವತ್ತರ ಹತ್ತಿರ. ಯಾರೂ ಇನ್ನೂ ಹೇಳಿಲ್ಲ.