ಬಿಡಿಯಾಗಿ ಹಸಿರು, ಒಟ್ಟಿಗೆ ಕೆಂಪು: ಮರ್ಜ್ ಕ್ಯೂ ಬಳಸಿದ ನನ್ನ ಅನುಭವ

ನಮ್ಮ ತಂಡದಲ್ಲಿ ಮೇನ್ ಬ್ರಾಂಚ್ ಪದೇ ಪದೇ ಕೆಡುತ್ತಿತ್ತು. ಯಾರೂ ಪರೀಕ್ಷೆ ತಪ್ಪಿಸಿ ಕೋಡ್ ಸೇರಿಸುತ್ತಿರಲಿಲ್ಲ. ಪ್ರತಿ ಪುಲ್ ರಿಕ್ವೆಸ್ಟ್‌ಗೂ ವಿಮರ್ಶೆ ಆಗಿರುತ್ತಿತ್ತು, ಟೆಸ್ಟ್‌ಗಳೆಲ್ಲ ಹಸಿರಾಗಿರುತ್ತಿದ್ದವು. ಆದರೂ ಎರಡು ಮೂರು ಬದಲಾವಣೆಗಳು ಒಂದೇ ಹೊತ್ತಿಗೆ ಸೇರಿದ ದಿನ ಮೇನ್ ಕೆಂಪಾಗುತ್ತಿತ್ತು.

ಒಂದು ಪ್ರಸಂಗ ನೋಡಿ. ನಮ್ಮದು ಟೈಪ್‌ಸ್ಕ್ರಿಪ್ಟ್ ಕೋಡ್. 412ನೇ ಪುಲ್ ರಿಕ್ವೆಸ್ಟ್‌ನಲ್ಲಿ ಒಬ್ಬರು `calculateTax(amount)` ಎಂಬ ಫಂಕ್ಷನ್‌ಗೆ ರಾಜ್ಯದ ಹೆಸರನ್ನೂ ಕಡ್ಡಾಯವಾಗಿ ಕೊಡಬೇಕೆಂದು ಬದಲಿಸಿ, ಅದನ್ನು ಕರೆಯುವ ಹಳೆಯ ಜಾಗಗಳನ್ನೆಲ್ಲ ತಿದ್ದಿದರು. 415ರಲ್ಲಿ ಇನ್ನೊಬ್ಬರು ಬಿಲ್ ಮುದ್ರಿಸುವ ಹೊಸ ಫೈಲ್ ಬರೆದು, ಅಲ್ಲಿ ಅದೇ ಫಂಕ್ಷನ್ ಅನ್ನು ಹಳೆಯ ರೀತಿಯಲ್ಲೇ ಕರೆದರು. ಇಬ್ಬರೂ ಮುಟ್ಟಿದ ಫೈಲ್‌ಗಳು ಬೇರೆ ಬೇರೆ. ಗಿಟ್ ಸಾಲುಗಳನ್ನು ಮಾತ್ರ ಹೋಲಿಸುವುದರಿಂದ ಅದಕ್ಕೆ ಇಲ್ಲಿ ಸಂಘರ್ಷವೇ ಕಾಣಲಿಲ್ಲ. ಎರಡೂ ಸೇರಿದ ಮೇಲೆ ಮೇನ್‌ನಲ್ಲಿ ಬಂದದ್ದು ಇದು:

```
error TS2554: Expected 2 arguments, but got 1.
```

ಮೂಲ ಕಾರಣ ಹಸಿರು ಗುರುತಿನಲ್ಲೇ ಇದೆ. ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್‌ನ ಪರೀಕ್ಷೆ ಸಾಮಾನ್ಯವಾಗಿ ಅದನ್ನು ಆ ಕ್ಷಣದ ಮೇನ್ ಜೊತೆ ಬೆಸೆದು ನಡೆಯುತ್ತದೆ. ಆಮೇಲೆ ಮೇನ್ ಮುಂದೆ ಸಾಗಿದರೆ ಪರೀಕ್ಷೆ ತಾನಾಗಿ ಮತ್ತೆ ಓಡುವುದಿಲ್ಲ. ಬೆಳಿಗ್ಗೆ ಸಿಕ್ಕ ಹಸಿರು ಬೆಳಗಿನ ಮೇನ್‌ಗೆ ಮಾತ್ರ ಸಲ್ಲುತ್ತದೆ.

ಮೊದಲು ನಾವು ‘ಸೇರಿಸುವ ಮುನ್ನ ಬ್ರಾಂಚ್ ಮೇನ್‌ಗೆ ಸಮನಾಗಿರಬೇಕು’ ಎಂಬ ನಿಯಮ ಹಾಕಿದೆವು. ಮೇನ್ ಕೆಡುವುದು ನಿಂತಿತು, ಆದರೆ ಕೆಲಸವೂ ಹೆಚ್ಚುಕಡಿಮೆ ನಿಂತಿತು. ಒಬ್ಬರದು ಸೇರಿದ ಕೂಡಲೇ ಉಳಿದವರೆಲ್ಲ ಹಿಂದುಳಿಯುತ್ತಿದ್ದರು. ಮತ್ತೆ ಅಪ್‌ಡೇಟ್ ಮಾಡಿ, ಇಪ್ಪತ್ತು ನಿಮಿಷ ಕಾಯುವಷ್ಟರಲ್ಲಿ ಇನ್ಯಾರೋ ಸೇರಿಸಿಬಿಟ್ಟಿರುತ್ತಿದ್ದರು. ಈ ಓಟವನ್ನು ಯಂತ್ರಕ್ಕೆ ವಹಿಸುವುದೇ ಸರಿ ಎಂದು ಮರ್ಜ್ ಕ್ಯೂಗೆ ಬಂದೆವು.

ಅದು ಕೆಲಸ ಮಾಡುವ ಬಗೆ ಹೀಗಿದೆ. ಒಪ್ಪಿಗೆ ಸಿಕ್ಕ ಪುಲ್ ರಿಕ್ವೆಸ್ಟ್ ನೇರವಾಗಿ ಮೇನ್‌ಗೆ ಹೋಗದೆ ಸರತಿಯಲ್ಲಿ ನಿಲ್ಲುತ್ತದೆ. 412, 415, 418 ಈ ಕ್ರಮದಲ್ಲಿ ನಿಂತವು ಎಂದುಕೊಳ್ಳಿ. ಕ್ಯೂ ಮೂರು ತಾತ್ಕಾಲಿಕ ಬ್ರಾಂಚ್‌ಗಳನ್ನು ಕಟ್ಟುತ್ತದೆ: ಮೊದಲನೆಯದರಲ್ಲಿ ಮೇನ್ ಮತ್ತು 412, ಎರಡನೆಯದರಲ್ಲಿ ಅದರ ಮೇಲೆ 415, ಮೂರನೆಯದರಲ್ಲಿ ಮೂರೂ. ಮೊದಲನೆಯದರ ಹೆಸರು `gh-readonly-queue/main/pr-412-` ಎಂದು ಶುರುವಾಗುತ್ತದೆ. ಮೂರಕ್ಕೂ ಪರೀಕ್ಷೆ ಏಕಕಾಲಕ್ಕೆ ನಡೆಯುತ್ತದೆ. ಮುಂದಿನವರು ಪಾಸಾಗುತ್ತಾರೆ ಎಂಬ ಊಹೆಯ ಮೇಲೆ ಹಿಂದಿನವರ ಕೆಲಸ ಸಾಗುವುದರಿಂದ, ಎಲ್ಲವೂ ಸರಿಯಿದ್ದರೆ ಅರವತ್ತು ನಿಮಿಷದ ಕೆಲಸ ಇಪ್ಪತ್ತರಲ್ಲಿ ಮುಗಿಯುತ್ತದೆ.

ಇಲ್ಲಿ 412 ಪಾಸಾಗಿ ಮೇನ್ ಸೇರುತ್ತದೆ. 415ರ ಬ್ರಾಂಚ್‌ನಲ್ಲಿ 412ರ ಬದಲಾವಣೆಯೂ ಇರುವುದರಿಂದ ಮೇಲಿನ ದೋಷ ಅಲ್ಲೇ ಬೀಳುತ್ತದೆ. ಕ್ಯೂ 415 ಅನ್ನು ಹೊರಗಿಟ್ಟು, 418ರ ಬ್ರಾಂಚ್ ಅನ್ನು 415 ಇಲ್ಲದೆ ಹೊಸದಾಗಿ ಕಟ್ಟಿ ಮತ್ತೆ ಪರೀಕ್ಷಿಸುತ್ತದೆ. 418ಕ್ಕೆ ಇನ್ನೊಂದು ಸುತ್ತು ಕಾಯಬೇಕಾಯಿತು, ಅಷ್ಟೇ. ಮೇನ್‌ಗೆ ಏನೂ ಆಗಲಿಲ್ಲ, 415 ಬರೆದವರಿಗೆ ಮಾತ್ರ ಸೂಚನೆ ಹೋಯಿತು.

ಬ್ರಾಂಚ್ ರಕ್ಷಣೆಯ ನಿಯಮಗಳಲ್ಲಿ ಕ್ಯೂ ಆನ್ ಮಾಡಿದರಷ್ಟೇ ಸಾಲದು. ಗಿಟ್‌ಹಬ್ ಆಕ್ಷನ್ಸ್ ಬಳಸುವವರು ವರ್ಕ್‌ಫ್ಲೋ ಫೈಲ್‌ನಲ್ಲಿ ಇದನ್ನೂ ಬರೆಯಬೇಕು:

```yaml
on:
  pull_request:
  merge_group:
```

ಕೊನೆಯ ಸಾಲು ಇಲ್ಲದಿದ್ದರೆ ಆ ತಾತ್ಕಾಲಿಕ ಬ್ರಾಂಚ್‌ನಲ್ಲಿ ಪರೀಕ್ಷೆ ಶುರುವೇ ಆಗುವುದಿಲ್ಲ. ಕಡ್ಡಾಯ ಪರೀಕ್ಷೆಯ ಫಲಿತಾಂಶಕ್ಕಾಗಿ ಕ್ಯೂ ಕಾಯುತ್ತಲೇ ಇದ್ದು, ಅವಧಿ ಮೀರಿದ ಮೇಲೆ ಪುಲ್ ರಿಕ್ವೆಸ್ಟ್ ಅನ್ನು ಹೊರಹಾಕುತ್ತದೆ. ಯಾವ ದೋಷವೂ ಕಾಣದೆ ಎಲ್ಲವೂ ಹಳದಿಯಾಗಿಯೇ ನಿಂತಿದ್ದರೆ ಮೊದಲು ಈ ಸಾಲನ್ನೇ ಹುಡುಕಿ.

ಕ್ಯೂ ನಿಜವಾಗಿ ಕಾಡುವುದು ಆಗೊಮ್ಮೆ ಈಗೊಮ್ಮೆ ಸುಮ್ಮನೆ ಬೀಳುವ ಟೆಸ್ಟ್‌ಗಳಿಂದ. ಸಾಲಿನ ಮೊದಲಲ್ಲಿರುವುದು ಅಂಥ ಟೆಸ್ಟ್‌ನಿಂದ ಬಿದ್ದರೆ ಹಿಂದಿರುವ ಎಲ್ಲವೂ ಹೊಸದಾಗಿ ಕಟ್ಟಿಸಿಕೊಳ್ಳಬೇಕು. ಇದಕ್ಕೆಂದೇ ಒಂದು ಸಡಿಲಿಕೆ ಇದೆ: ‘ವಿಫಲವಾಗದವನ್ನು ಮಾತ್ರ ಸೇರಿಸು’ ಎಂಬ ಆಯ್ಕೆಯನ್ನು ತೆಗೆದರೆ, ಗುಂಪಿನ ಕೊನೆಯದು ಪಾಸಾದಾಗ ನಡುವೆ ಬಿದ್ದದ್ದೂ ಸೇರುತ್ತದೆ. ನಾನು ಅದನ್ನು ಒಪ್ಪಲಿಲ್ಲ. ಗುಂಪಿನ ತುದಿ ಹಸಿರಾಗಿದ್ದರೂ ನಡುವಿನ ಕಮಿಟ್ ನಿಜವಾಗಿಯೇ ಕೆಟ್ಟಿರಬಹುದು. ಮುಂದೆಂದೋ `git bisect` ಹಿಡಿದು ದೋಷ ಹುಡುಕುವವರಿಗೆ ಅದು ದಾರಿ ತಪ್ಪಿಸುತ್ತದೆ. ಅದರ ಬದಲು, ಕಾರಣವಿಲ್ಲದೆ ಬೀಳುವ ಟೆಸ್ಟ್ ಅನ್ನು ಕಡ್ಡಾಯ ಪಟ್ಟಿಯಿಂದ ಹೊರಗಿಟ್ಟು, ಸರಿಪಡಿಸುವ ಹೊಣೆಯನ್ನು ಒಬ್ಬರಿಗೆ ಒಪ್ಪಿಸಿ, ಸರಿಯಾದ ಮೇಲೆ ವಾಪಸ್ ಸೇರಿಸುವ ಪದ್ಧತಿ ಇಟ್ಟುಕೊಂಡೆವು.

ತುರ್ತು ತಿದ್ದುಪಡಿಯನ್ನು ಸಾಲಿನ ಮುಂದಕ್ಕೆ ತರುವ ಸೌಲಭ್ಯವೂ ಇದೆ. ಆದರೆ ಹಾಗೆ ಮಾಡಿದಾಗ ಅಡಿಪಾಯವೇ ಬದಲಾಗುವುದರಿಂದ ಓಡುತ್ತಿರುವ ಪರೀಕ್ಷೆಗಳೆಲ್ಲ ಮೊದಲಿನಿಂದ ಶುರುವಾಗುತ್ತವೆ. ಅದಕ್ಕೇ ನಮ್ಮಲ್ಲಿ ಗ್ರಾಹಕರಿಗೆ ಸೇವೆ ನಿಂತಾಗ ಮಾತ್ರ ಅದನ್ನು ಬಳಸುತ್ತೇವೆ.