ಬಟ್ಟೆಯಿಂದ ಎಣ್ಣೆ ಏಳುವುದನ್ನು ಮಕ್ಕಳ ಕಣ್ಣಿಗೆ ತೋರಿಸಿದ್ದು: ನನ್ನ ಅನುಭವ

ಹನ್ನೆರಡು ನಿಮಿಷದ ಮಾತು. ಅದನ್ನು ಸರಿ ಮಾಡಿಕೊಳ್ಳುವುದಕ್ಕೆ ನನಗೆ ಹಿಡಿದದ್ದು ಹತ್ತಿರ ಹತ್ತಿರ ಎರಡು ವರ್ಷ. "ಬೋರ್ಡ್ ಮೇಲೆ ಮೈಸೆಲ್ ಚಿತ್ರ ಬರೆದುಬಿಟ್ರೆ ಎರಡು ನಿಮಿಷದಲ್ಲಿ ಮುಗಿಯುತ್ತೆ, ಇಷ್ಟೆಲ್ಲ ಯಾಕೆ ಸಾರ್?" ಅಂತ ಕೇಳಿದ್ದ ಸಹೋದ್ಯೋಗಿಯೇ ಕಳೆದ ತಿಂಗಳು ತಮ್ಮ ತರಗತಿಗೂ ಬಂದು ಮಾಡಿ ಅಂತ ಕರೆದರು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಕರಾರು ಇದ್ದದ್ದು ಆ ಚಿತ್ರದ ಮೇಲೆಯೇ. ನಡುವೆ ಎಣ್ಣೆ, ಸುತ್ತ ಎಣ್ಣೆಗೆ ಒಲಿಯುವ ಬಾಲ ಒಳಗೆ ಚುಚ್ಚಿಕೊಂಡು ನೀರಿಗೆ ಒಲಿಯುವ ತಲೆ ಹೊರಗೆ ಹಾಕಿದ ಸೋಪಿನ ಅಣುಗಳು, ಆ ಗುಂಪೇ ಮೈಸೆಲ್. ಚಿತ್ರ ಸುಳ್ಳಲ್ಲ. ಆದರೆ ಅದು ಕಥೆಯ ಕೊನೆಯ ಪುಟ. ಬಟ್ಟೆಗೆ ಮೆತ್ತಿಕೊಂಡಿದ್ದ ಎಣ್ಣೆ ಬಟ್ಟೆಯನ್ನು ಬಿಟ್ಟದ್ದು ಹೇಗೆ ಅನ್ನುವುದು ಅದರಲ್ಲಿ ಇಲ್ಲ. ಮೈಸೆಲ್‌ನ ಅಗಲ ಸುಮಾರು 5 ನ್ಯಾನೋಮೀಟರ್. ಬಟ್ಟೆಯಿಂದ ಕಳಚಿಕೊಂಡು ಬರುವ ಎಣ್ಣೆ ಹನಿ ಅರ್ಧ ಮಿಲಿಮೀಟರ್ ಇರುತ್ತದೆ, ಅಂದರೆ ಲಕ್ಷಪಟ್ಟು ದೊಡ್ಡದು. ಮೈಸೆಲ್ ಒಂದು ಸಾಸಿವೆ ಕಾಳಾದರೆ ಈ ಹನಿ 150-200 ಮೀಟರಿನ ಗುಡ್ಡ. ಸಾಸಿವೆ ಕಾಳು ಗುಡ್ಡವನ್ನು ಹೊಟ್ಟೆಯಲ್ಲಿ ಹಾಕಿಕೊಂಡು ಹೊರಟಿತು ಅಂತ ಎಷ್ಟು ವರ್ಷ ಹೇಳುವುದು?

ಹತ್ತಿ ಬಟ್ಟೆಯಲ್ಲಿ ನಿಜಕ್ಕೂ ಆಗುವುದು ಹೊರಳುವ ಕೆಲಸ. ಚಪ್ಪಟೆಯಾಗಿ ಹರಡಿಕೊಂಡ ಎಣ್ಣೆಯ ಅಂಚು ಹಿಂದೆ ಸರಿಯುತ್ತದೆ, ಎಣ್ಣೆ ಉಬ್ಬಿ ಗುಂಡಗಾಗುತ್ತದೆ, ಕುತ್ತಿಗೆ ಸಣ್ಣದಾಗುತ್ತದೆ, ಆಮೇಲೆ ಕಿತ್ತುಕೊಂಡು ಮೇಲೆ ಹೋಗುತ್ತದೆ. ಇದನ್ನು ಬರಿಗಣ್ಣಿಗೆ ತೋರಿಸಬಹುದು ಅಂತ ನನ್ನ ಹಟ.

ಮೊದಲು ಎಲ್ಲರ ಹಾಗೆ ತಟ್ಟೆ ನೀರಿನ ಮೇಲೆ ಮೆಣಸಿನ ಪುಡಿ ಉದುರಿಸಿ ಡಿಟರ್ಜೆಂಟ್ ಹನಿ ಬಿಡುವುದನ್ನು ಮಾಡುತ್ತಿದ್ದೆ. ಪುಡಿ ಅಂಚಿಗೆ ಓಡುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆದರೆ ಅದರಲ್ಲಿ ಬಟ್ಟೆಯೂ ಇಲ್ಲ, ಎಣ್ಣೆಯೂ ಇಲ್ಲ. ನೀರಿನ ಮೇಲ್ಮೈ ಬಿಗಿತ ಇಳಿಯಿತು ಅನ್ನುವುದಷ್ಟೇ ಕಾಣುತ್ತದೆ. ಅದನ್ನು ಬಿಟ್ಟೆ.

ಆಮೇಲೆ ಬಣ್ಣದ ರಗಳೆ. ಎಣ್ಣೆ ಕಾಣಬೇಕಾದರೆ ಬಣ್ಣ ಬೇಕು. ಅಡುಗೆಗೆ ಹಾಕುವ ಬಣ್ಣ ನೀರಿನಲ್ಲಿ ಕರಗುವಂಥದ್ದು, ಎಣ್ಣೆಯ ತಳದಲ್ಲಿ ಚುಕ್ಕೆ ಚುಕ್ಕೆಯಾಗಿ ಕೂತಿತು. ಅರಿಶಿನ ಎಣ್ಣೆಯಲ್ಲಿ ಚೆನ್ನಾಗಿ ಇಳಿಯಿತು. ಆದರೆ ಸೋಪಿನ ನೀರಿಗೆ ಹಾಕಿದ ತಕ್ಷಣ ಕ್ಷಾರಕ್ಕೆ ಕೆಂಪಾಗಿ, ಇಡೀ ತರಗತಿ "ರಕ್ತ, ರಕ್ತ" ಅಂತ ಕೂಗಿತು. ಅಷ್ಟೂ ಸಾಲದೆ ಅರಿಶಿನ ಹತ್ತಿಗೇ ಬಣ್ಣ ಹಿಡಿಸುತ್ತದೆ. ಎಣ್ಣೆ ಹೋದರೂ ಕಲೆ ಉಳಿಯಿತು, ಸೋಪು ಸೋತಿತು ಅಂತ ತೀರ್ಪು ಬಂತು. ಗಾಡಿಯ ಹಳೇ ಎಂಜಿನ್ ಆಯಿಲ್‌ದೂ ಅದೇ ಪಾಡು. ಎಣ್ಣೆ ಎದ್ದರೂ ಮಸಿಯ ಕಣ ನೂಲಿನ ಸಂದಿಯಲ್ಲಿ ಕೂತುಬಿಡುತ್ತದೆ, ಮಸಿ ಬಿಡಿಸುವುದು ಬೇರೆಯೇ ಲೆಕ್ಕ. ಕೊನೆಗೆ ಕೈಹಿಡಿದದ್ದು ಒಣಮೆಣಸಿನಕಾಯಿಯ ಪುಡಿ. ಎಣ್ಣೆಯಲ್ಲಿ ನೆನೆಸಿ, ಬೆಚ್ಚಗೆ ಮಾಡಿ, ಎರಡು ಸಲ ಸೋಸಿದರೆ ಗಾಢ ಕಿತ್ತಳೆ. ಅದರ ಬಣ್ಣ ಎಣ್ಣೆಯನ್ನು ಬಿಟ್ಟು ನೀರಿಗೆ ಹೋಗುವುದಿಲ್ಲ. ಎಷ್ಟು ಪುಡಿ, ಎಷ್ಟು ಹೊತ್ತು ಅನ್ನುವುದನ್ನು ಮಾತ್ರ ಬರೆಯುವುದಿಲ್ಲ, ಅಷ್ಟಾದರೂ ನನ್ನದು ಅಂತ ಇರಲಿ. ಕೈ ತೊಳೆಯದೆ ಕಣ್ಣು ಮುಟ್ಟಬೇಡಿ ಅಂತ ಮಾತ್ರ ಹೇಳುತ್ತೇನೆ, ನಾನು ಮುಟ್ಟಿಕೊಂಡವನು.

ದುಡ್ಡು ಹಾಳಾದದ್ದು ನೋಡುವ ಸಾಧನಕ್ಕೆ. ಕಂಪ್ಯೂಟರಿಗೆ ಚುಚ್ಚುವ ಮೈಕ್ರೋಸ್ಕೋಪ್ ಒಂದನ್ನು ಸ್ವಂತ ಕೈಯಿಂದ ತಂದೆ. ವರ್ಷವಿಡೀ ಲ್ಯಾಬಿಗೆ ತರುವ ರಾಸಾಯನಿಕಗಳಿಗಿಂತ ಅದೇ ಹೆಚ್ಚಾಯಿತು. ಅದಕ್ಕೆ ವಸ್ತು ಮೂತಿಯ ಹತ್ತಿರವೇ ಇರಬೇಕು, ನನ್ನ ಬಟ್ಟೆ ಬೀಕರಿನ ನಡುವೆ ನೀರಿನಲ್ಲಿ. ಮೇಲಾಗಿ ದುಂಡು ಬೀಕರ್ ತಾನೇ ಒಂದು ಮಸೂರ, ಹನಿಯೆಲ್ಲ ಅಡ್ಡಡ್ಡ ಹಿಗ್ಗಿ ಕಾಣುತ್ತಿತ್ತು. ಗಾಜಿನ ಹಾಳೆ ಅಂಟಿಸಿ ತೊಟ್ಟಿ ಮಾಡಿಸಿದೆ, ಎರಡನೇ ದಿನವೇ ಸೋರಿತು. ಕಡೆಗೆ ಕೆಲಸಕ್ಕೆ ಬಂದದ್ದು ಚಪ್ಪಟೆ ಬದಿಯ ಒಂದು ಖಾಲಿ ಜಾಡಿ ಮತ್ತು ಮೊಬೈಲ್ ಕ್ಯಾಮೆರಾಕ್ಕೆ ಟೇಪಿನಲ್ಲಿ ಅಂಟಿಸಿದ ಕೈಮಸೂರ. ಎರಡಕ್ಕೂ ಖರ್ಚು ಸೊನ್ನೆ. ಮೈಕ್ರೋಸ್ಕೋಪ್ ಈಗ ಬೀರುವಿನಲ್ಲಿದೆ.

ಬಟ್ಟೆಯ ತಯಾರಿಯಲ್ಲೂ ಎಡವಿದೆ. ಹೊಸ ಹತ್ತಿ ಬಟ್ಟೆಗೆ ಗಂಜಿ, ಮೇಣ ಇರುತ್ತದೆ, ಮೂರು ನಾಲ್ಕು ಸಲ ಒಗೆದು ಒಣಗಿಸಿ ಬಳಸಬೇಕು. ಎರಡು ಬೆರಳಗಲದ ಪಟ್ಟಿ ಸಾಕು. ಡ್ರಾಪರಿನಲ್ಲಿ ಎಣ್ಣೆ ಬಿಟ್ಟರೆ ಹೆಚ್ಚಾಗುತ್ತದೆ, ಆ ಹೆಚ್ಚಿನದು ಬರೀ ನೀರಿನಲ್ಲೂ ತಾನಾಗಿ ತೇಲಿಬಿಡುತ್ತದೆ, ಆಗ ಸೋಪಿಗೂ ನೀರಿಗೂ ವ್ಯತ್ಯಾಸವೇ ಕಾಣುವುದಿಲ್ಲ. ಸೂಜಿಯ ತುದಿಯಲ್ಲಿ ಮುಟ್ಟಿಸಿ, ಐದು ನಿಮಿಷ ಇಂಗಲು ಬಿಟ್ಟು, ಕಾಗದದಿಂದ ಒತ್ತಿ ತೆಗೆಯಿರಿ. ನೀರನ್ನು ಕುದಿಸಿ ಆರಿಸಿರಬೇಕು. ಇಲ್ಲದಿದ್ದರೆ ಕರಗಿದ ಗಾಳಿ ಗುಳ್ಳೆಯಾಗಿ ಬಟ್ಟೆಯ ಮೇಲೆ ಕೂರುತ್ತದೆ. ಒಬ್ಬ ಹುಡುಗಿ "ಎಣ್ಣೇನ ಗುಳ್ಳೆ ಎತ್ಕೊಂಡು ಹೋಗ್ತಿದೆ ಅಲ್ವಾ ಸಾರ್?" ಅಂದಳು. ಅಂದು ನಿಜಕ್ಕೂ ಹಾಗೇ ಆಗುತ್ತಿತ್ತು!

ಇಷ್ಟಾದ ಮೇಲೆ ನಡೆಯುವುದು ಹೀಗೆ. ಎರಡು ಜಾಡಿ, ಎರಡರಲ್ಲೂ ಸುಮಾರು 40 ಡಿಗ್ರಿಯ ನೀರು, ಒಂದಕ್ಕೆ ಮಾತ್ರ ಲೀಟರಿಗೆ 5 ಮಿಲಿಯಷ್ಟು ದ್ರವ ಡಿಟರ್ಜೆಂಟ್, ನೊರೆ ಬಾರದ ಹಾಗೆ ಕಲಸಿದ್ದು. ಪಟ್ಟಿಗಳನ್ನು ನೇರವಾಗಿ ಇಳಿಬಿಟ್ಟು ಸುಮ್ಮನಾಗುತ್ತೇನೆ. ಬರೀ ನೀರಿನಲ್ಲಿ ಕಲೆ ಅಲ್ಲೇ, ಅಂಚು ಕೊಂಚ ಮುದುಡಿದ ಹಾಗೆ ಕಾಣುತ್ತದೆ. ಇನ್ನೊಂದರಲ್ಲಿ ಅರ್ಧ ನಿಮಿಷದ ಹೊತ್ತಿಗೆ ಕಿತ್ತಳೆ ಕಲೆಯ ಮೇಲೆ ಬೆವರಿನಂತೆ ಸಣ್ಣ ಮಣಿಗಳು ಮೂಡುತ್ತವೆ. ಪಕ್ಕದ ಮಣಿಗಳು ಕೂಡಿಕೊಂಡು ಒಂದಾಗುತ್ತವೆ. ಎರಡು ಮೂರು ನಿಮಿಷಕ್ಕೆ ಒಂದು ಮಣಿ ಬಲೂನಿನ ಹಾಗೆ ಮೇಲಕ್ಕೆ ಎಳೆದುಕೊಂಡು, ದಾರದಷ್ಟು ಕುತ್ತಿಗೆ ಮಾಡಿಕೊಂಡು, ಪಟಕ್ಕನೆ ಬಿಡಿಸಿಕೊಂಡು ಏಳುತ್ತದೆ. ಯಾರೂ ಉಜ್ಜಿಲ್ಲ, ಅಲ್ಲಾಡಿಸಿಲ್ಲ.

ನನ್ನ ಮಾತು ಬರುವುದು ಆ ಮಣಿ ಹೊರಟ ಮೇಲೆ. "ಎಣ್ಣೆ, ನೀರು, ಬಟ್ಟೆ, ಈ ಮೂರೂ ಸೇರುವ ಗೆರೆ ನೋಡಿ. ಡಿಟರ್ಜೆಂಟಿನ ಬಾಲ ಎಣ್ಣೆಗೆ ಹೋಯ್ತು, ತಲೆ ನೀರಲ್ಲೇ ಉಳೀತು. ಈಗ ಎಣ್ಣೆಗೂ ನೀರಿಗೂ ಮೊದಲಿನ ಹಗೆ ಇಲ್ಲ, ಎಣ್ಣೆಯ ಆಕಾರ ಬದಲಾಗೋದು ಸಲೀಸು. ಹತ್ತಿಗೆ ಮೊದಲಿಂದಲೂ ನೀರೇ ಇಷ್ಟ. ನೀರು ಎಣ್ಣೆಯ ಅಂಚಿನಡಿ ನುಗ್ಗಿ ಅದನ್ನ ಹಿಂದಕ್ಕೆ ತಳ್ತಿದೆ." ಎದ್ದ ಹನಿ ತಿರುಗಿ ಬಟ್ಟೆಗೆ ಏಕೆ ಅಂಟುವುದಿಲ್ಲ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಆಗ ತಲೆಗಳ ಋಣ ವಿದ್ಯುದಂಶದ ಮಾತು: ಹನಿಯ ಸುತ್ತಲೂ ಅದೇ ಅಂಶ, ಬಟ್ಟೆಯ ಮೇಲೂ ಅದೇ, ಒಂದನ್ನೊಂದು ದೂಡುತ್ತವೆ. ಅಲ್ಲಿಗೆ ಮೈಸೆಲ್ ಚಿತ್ರ ಬರೆದರೆ ಯಾರದೂ ತಕರಾರಿಲ್ಲ.

ನೊರೆ ಇಲ್ಲದೆ ಎಣ್ಣೆ ಎದ್ದದ್ದು ದೊಡ್ಡವರಿಗೆ ಮಕ್ಕಳಿಗಿಂತ ಹೆಚ್ಚು ಆಶ್ಚರ್ಯ. ಅದಿರಲಿ.

ಸೋಪಿಗೂ ಡಿಟರ್ಜೆಂಟಿಗೂ ಏನು ವ್ಯತ್ಯಾಸ ಅನ್ನುವ ಭಾಗದಲ್ಲಿ ನನ್ನ ಮಾನ ಹೋದದ್ದನ್ನು ಹೇಳಲೇಬೇಕು. ಗಡಸು ನೀರಿನಲ್ಲಿ ಸೋಪು ಸೋಲುತ್ತದೆ, ನೋಡಿ ಅಂತ ಮೊದಲೇ ಘೋಷಿಸಿ, ಬಟ್ಟೆ ಒಗೆಯುವ ಬಾರನ್ನು ತುರಿದು ಕರಗಿಸಿದ ನೀರಿಗೆ ಪಟ್ಟಿ ಇಳಿಬಿಟ್ಟೆ. ಎಣ್ಣೆ ಮಣಿ ಮಣಿಯಾಗಿ ಎದ್ದು ಹೋಯಿತು! ಹಿಂದಿನ ಬೆಂಚು ನಕ್ಕಿತು. ಮನೆಗೆ ಬಂದು ಅದೇ ದ್ರಾವಣಕ್ಕೆ ವಿನೆಗರ್ ಬಿಟ್ಟು ನೋಡಿದರೆ ತಿಳಿಯಾಗಿಯೇ ಇದೆ. ನಿಜವಾದ ಸೋಪಾಗಿದ್ದರೆ ಆಮ್ಲ ಬಿದ್ದ ತಕ್ಷಣ ಕೊಬ್ಬಿನಾಮ್ಲ ಬೇರೆಯಾಗಿ ನೀರು ಹಾಲಿನಂತೆ ಬೆಳ್ಳಗಾಗುತ್ತಿತ್ತು. ಆಕಾರ ಸೋಪಿನದು, ಒಳಗಿದ್ದದ್ದು ಡಿಟರ್ಜೆಂಟ್. ಅಂದಿನಿಂದ ವಿನೆಗರ್ ಪರೀಕ್ಷೆ ಮಾಡದೆ ಯಾವ ಬಾರನ್ನೂ ತರಗತಿಗೆ ಒಯ್ಯುವುದಿಲ್ಲ.

ಗಡಸು ನೀರನ್ನು ನಾನೇ ಮಾಡಿಕೊಳ್ಳುತ್ತೇನೆ: ಲೀಟರಿಗೆ ಅರ್ಧ ಗ್ರಾಂ ಎಪ್ಸಮ್ ಉಪ್ಪು. ಅರ್ಧ ಗ್ರಾಂ ತೂಗುವ ತಕ್ಕಡಿ ಇಲ್ಲದವರು 5 ಗ್ರಾಂ ಅನ್ನು ಒಂದು ಲೀಟರಿಗೆ ಕರಗಿಸಿ, ಅದರಲ್ಲಿ 100 ಮಿಲಿ ತೆಗೆದು 900 ಮಿಲಿ ನೀರಿಗೆ ಹಾಕಿ. ಆ ಅರ್ಧ ಗ್ರಾಮಿನ ಮೆಗ್ನೀಸಿಯಮ್ ಹೆಚ್ಚೂಕಡಿಮೆ 1.2 ಗ್ರಾಂ ಸೋಪನ್ನು ನುಂಗುತ್ತದೆ. ಹಾಗಾಗಿ ಲೀಟರಿಗೆ 1 ಗ್ರಾಂ ಸೋಪು ಹಾಕಿದರೆ ಎಲ್ಲವೂ ಬಿಳಿ ಚೂರುಗಳಾಗಿ ಬಟ್ಟೆಗೆ ಮೆತ್ತುತ್ತದೆ, ಕಿತ್ತಳೆ ಕಲೆ ಕದಲುವುದಿಲ್ಲ. 3 ಗ್ರಾಂ ಹಾಕಿದರೆ ಚೂರುಗಳ ನಡುವೆಯೇ ಮಣಿ ಮೂಡುವುದಕ್ಕೆ ಶುರು. ಸೋಪು ಸೋತದ್ದಲ್ಲ, ಉಪ್ಪಿಗೆ ಸುಂಕ ಕಟ್ಟಿದ ಮೇಲೆ ಉಳಿದಿರಲಿಲ್ಲ ಅಷ್ಟೇ ಅನ್ನುವುದು ಇಲ್ಲಿ ಕಾಣುತ್ತದೆ. ಡಿಟರ್ಜೆಂಟಿನ ತಲೆ ಬೇರೆ ಬಗೆಯದು, ಮೆಗ್ನೀಸಿಯಮ್ ಜೊತೆ ಸೇರಿದರೂ ಗಟ್ಟಿಯಾಗಿ ಬೀಳುವುದಿಲ್ಲ, ಅದೇ ನೀರಿನಲ್ಲಿ ಎಂದಿನಂತೆ ಕೆಲಸ ಮಾಡುತ್ತದೆ.

ಪಾಲಿಯೆಸ್ಟರ್ ಪಟ್ಟಿಯಲ್ಲಿ ಮಾತ್ರ ಇನ್ನೂ ಗುದ್ದಾಡುತ್ತಿದ್ದೇನೆ. ಅದಕ್ಕೆ ನೀರಿಗಿಂತ ಎಣ್ಣೆಯೇ ಹತ್ತಿರದ ನೆಂಟ. ಅದೇ ಡಿಟರ್ಜೆಂಟಿನಲ್ಲಿ ಎಣ್ಣೆ ಗುಂಡಗಾಗದೆ ಅರ್ಧ ಉಬ್ಬಿ ಬೋರಲು ಬಟ್ಟಲಿನಂತೆ ಕೂತುಬಿಡುತ್ತದೆ. ನೀರನ್ನು 55 ಡಿಗ್ರಿಗೆ ಏರಿಸಿದಾಗ ಒಂದೆರಡು ಹನಿ ಎದ್ದವು, ಉಳಿದವು ಕುತ್ತಿಗೆಯಲ್ಲಿ ತುಂಡಾಗಿ ಬುಡವನ್ನು ಅಲ್ಲೇ ಬಿಟ್ಟವು. ಹತ್ತಿಯಲ್ಲೂ ಈ ಬುಡ ಉಳಿಯುತ್ತದೆ, ಒಣಗಿಸಿದರೆ ತೆಳು ಕಿತ್ತಳೆ ಚುಕ್ಕೆ. ಅದನ್ನು ಮೊದಲು ಕಂಡವಳು ಗುಳ್ಳೆಯ ಪ್ರಶ್ನೆ ಕೇಳಿದ ಅದೇ ಹುಡುಗಿ. ಪಟ್ಟಿಯನ್ನು ತಿರುಗಿ ಜಾಡಿಗೆ ಇಳಿಸಿ ಇಕ್ಕಳದಲ್ಲಿ ನಾಲ್ಕು ಸಲ ಹಿಂಡಿದಳು, ಚುಕ್ಕೆ ಹೋಯಿತು. "ಉಜ್ಜೋದು ಇದಕ್ಕಾ ಸಾರ್?" ಅಂದಳು. ಹೌದು, ಇದಕ್ಕೇ ಅಂದೆ.